ಮಲ್ಟಿಪ್ಲೇನ್ ಕ್ಯಾಮೆರಾ
ಮಲ್ಟಿಪ್ಲೇನ್ ಕ್ಯಾಮೆರಾ ಸಮತಲ ಚಿತ್ರಗಳಿಂದ ರಚಿಸಿದ ಅನಿಮೇಶನ್ ದೃಶ್ಯಕ್ಕೆ ಆಳದ ಭ್ರಮೆ ನೀಡುವ ಸಾಧನ. ವಾಲ್ಟ್ ಡಿಸ್ನಿ ಸಂಸ್ಥೆಯು ತನ್ನ ಕ್ಯಾಮೆರಾವನ್ನು 1937ರ 'ದಿ ಓಲ್ಡ್ ಮಿಲ್' ಕಿರುಚಿತ್ರದಲ್ಲಿ ಬಳಸಿತು.

ಬೆಳದಿಂಗಳ ಹಳ್ಳಿಯನ್ನು ಒಂದೇ ಹಾಳೆಯಲ್ಲಿ ಚಿತ್ರಿಸಿ ಕ್ಯಾಮೆರಾವನ್ನು ಹತ್ತಿರ ತಂದರೆ, ಮನೆಯೊಂದಿಗೆ ಚಂದ್ರನೂ ದೊಡ್ಡವನಾಗುತ್ತಾನೆ. ವಾಸ್ತವದಲ್ಲಿ ನಾವು ಮನೆಯತ್ತ ನಡೆದರೂ ಚಂದ್ರನ ಗಾತ್ರ ಬದಲಾಗದು. ಈ ದೋಷದ ನಿವಾರಣೆಗಾಗಿ ಬೇಲಿ, ಮನೆ, ಬೆಟ್ಟ, ಚಂದ್ರರನ್ನು ಬೇರೆಬೇರೆ ಹಲಗೆಗಳಲ್ಲಿ ಚಿತ್ರಿಸಲಾಗುತ್ತಿತ್ತು, ಮುಂದಿನವು ಗಾಜಿನವು. ಅವುಗಳನ್ನು ಅಂತರವಿಟ್ಟು ಒಂದರ ಕೆಳಗೊಂದು ಜೋಡಿಸಿ, ಮೇಲಿನಿಂದ ಒಂದೊಂದೇ ಫ್ರೇಮಾಗಿ ಚಿತ್ರೀಕರಿಸುತ್ತಿದ್ದರು. ಪ್ರತಿ ಫ್ರೇಮಿಗೂ ಮುಂದಿನ ಹಲಗೆಗಳನ್ನು ಕ್ಯಾಮೆರಾದತ್ತ ತುಸು ಸರಿಸಿ, ಚಂದ್ರನನ್ನು ಮಾತ್ರ ಇದ್ದಲ್ಲೇ ಬಿಡಲಾಗುತ್ತಿತ್ತು.

ಕ್ಯಾಮೆರಾ ಪಕ್ಕಕ್ಕೆ ಚಲಿಸುವಂತೆ ತೋರಿಸಬೇಕಾದಾಗ ಬೇಲಿಯನ್ನು ಹೆಚ್ಚು, ಬೆಟ್ಟವನ್ನು ಕಡಿಮೆ ಜರುಗಿಸುತ್ತಿದ್ದರು. ಈ ವೇಗವ್ಯತ್ಯಾಸವೇ ಪ್ಯಾರಲಾಕ್ಸ್. ಆದರೆ ಪ್ರತಿ ಪದರವೂ ಚಪ್ಪಟೆಯೇ ಆದ್ದರಿಂದ, ಮನೆಯ ಪಕ್ಕದ ಗೋಡೆಯನ್ನು ಸುತ್ತಿ ತೋರಿಸಲು ಈ ವಿಧಾನದಿಂದ ಸಾಧ್ಯವಿಲ್ಲ.