ಕುರ್ಚಿಯಡಿಯ ತಂಗಾಳಿ

ಸಾವಿರ ಜನ ಕೂರುವ ಸಭಾಂಗಣ ಎಂದುಕೊಳ್ಳಿ. ತಂಗಾಳಿ ಚಾವಣಿಯಿಂದ ಸುರಿಯುವುದಿಲ್ಲ. ಕುರ್ಚಿಯಡಿಯ ಜಾಲರಿಯಿಂದ ಮೆಲ್ಲಗೆ ಹೊರಟು, ಪ್ರೇಕ್ಷಕರ ಮೈಬಿಸಿಗೆ ಮೇಲೇರಿ, ಚಾವಣಿಯ ಕಿಂಡಿಯಿಂದ ಹೊರಹೋಗುತ್ತದೆ. ಕಟ್ಟುವ ಮೊದಲೇ ಇದನ್ನು ಕಂಪ್ಯೂಟರಿನಲ್ಲಿ ನೋಡಲು ಒಳಗಿನ ಜಾಗವನ್ನೆಲ್ಲ ಪುಟ್ಟ ಕೋಶಗಳಾಗಿ ಕತ್ತರಿಸುತ್ತಾರೆ. ಅದೇ ಮೆಶ್.

ಕಾಲು, ತಲೆ, ಜಾಲರಿಗಳ ಸುತ್ತ 2–3 ಸೆಂ.ಮೀ. ಕೋಶ ಬೇಕು, ಮೇಲಿನ ಖಾಲಿ ಜಾಗಕ್ಕೆ 20 ಸೆಂ.ಮೀ. ಸಾಕು. ಕೋಶಗಳನ್ನು ಇನ್ನಷ್ಟು ಸಣ್ಣದು ಮಾಡಿದಾಗ ಪಾದದ ಬಳಿಯ ಉಷ್ಣತೆ ಬದಲಾದರೆ ಮೊದಲಿನ ಮೆಶ್ ಒರಟಾಗಿತ್ತೆಂದೇ ಅರ್ಥ.

ನಿಜವಾದ ಮೋಸ ಅಂಚುಗಳಲ್ಲಿದೆ. ಜಾಲರಿಯ ಅರ್ಧ ಭಾಗ ಮಾತ್ರ ತೂತು ಎನ್ನೋಣ. ಇಡೀ ಜಾಲರಿಯಿಂದ ಗಾಳಿ ಬರುತ್ತದೆಂದು ಬರೆದುಬಿಟ್ಟರೆ ಪ್ರಮಾಣ ಸರಿಯಿದ್ದರೂ ವೇಗ ಅರ್ಧಕ್ಕಿಳಿಯುತ್ತದೆ. ಪಾದಕ್ಕೆ ತಗಲುವ ಚಳಿಗಾಳಿ ಪರದೆಯ ಮೇಲೆ ಕಾಣುವುದೇ ಇಲ್ಲ! ಮೈಬಿಸಿಯದೂ ಹೀಗೆಯೇ. ಅದರಲ್ಲೊಂದು ಪಾಲು ವಿಕಿರಣವಾಗಿ ನೆಲ, ಗೋಡೆಗೆ ತಲುಪುತ್ತದೆ. ಎಲ್ಲವನ್ನೂ ಗಾಳಿಗೇ ಕೊಟ್ಟರೆ ಲೆಕ್ಕದಲ್ಲಿ ನೆಲ ಸುಮ್ಮನೆ ತಣ್ಣಗಾಗುತ್ತದೆ.

ಬಣ್ಣದ ಚಿತ್ರ ನಂಬುವ ಮೊದಲು ಕೈಲೆಕ್ಕವೊಂದಿರಲಿ. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಗಾಳಿ, ಒಬ್ಬರಿಂದ 75 ವ್ಯಾಟ್ ಬಿಸಿ: ಗಾಳಿ ಸುಮಾರು 6 ಡಿಗ್ರಿ ಕಾಯಬೇಕು. 19 ಡಿಗ್ರಿಯಲ್ಲಿ ಒಳಬಂದದ್ದು 25ರಲ್ಲಿ ಹೊರಡಬೇಕು. ಕಂಪ್ಯೂಟರ್ 22 ಎಂದರೆ, ಗೋಡೆಗಳಿಂದ ಬಿಸಿ ಸೋರದಂತಿದ್ದರೂ, ಬಿಸಿ ಎಲ್ಲೋ ಕಳೆದುಹೋಗಿದೆ. ಅಥವಾ ಲೆಕ್ಕ ಇನ್ನೂ ಮುಗಿದಿಲ್ಲ.