ತೇಗಿಸುವ ಮೊದಲು ಬಾಟಲಿ ನೋಡಿ

ಬಾಟಲಿ ಹಾಲು ಕುಡಿದ ಹಸುಗೂಸು ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಅತ್ತರೆ ಮನೆಯಲ್ಲಿ ಹಿರಿಯರು ಹೇಳುವುದು ಒಂದೇ ಮಾತು: ‘ಗಾಳಿ ಸಿಕ್ಕಿಕೊಂಡಿದೆ, ಹೆಗಲಿಗೆ ಹಾಕಿ ಬೆನ್ನು ತಟ್ಟು.’ ಮಾತೇನೂ ಸುಳ್ಳಲ್ಲ. ಆದರೆ ಒಳಗೆ ಹೋದ ಗಾಳಿಯನ್ನು ಹೊರಗೆ ತರಲು ಒದ್ದಾಡುವುದಕ್ಕಿಂತ ಅದು ಹೋಗದಂತೆ ನೋಡಿಕೊಳ್ಳುವುದು ಸುಲಭ. ಅದಕ್ಕೆ ನೋಡಬೇಕಾದದ್ದು ಎರಡು: ನಿಪ್ಪಲ್‌ನ ತೂತು ಎಷ್ಟು ದೊಡ್ಡದು, ಬಾಟಲಿಯನ್ನು ಎಷ್ಟು ಓರೆ ಹಿಡಿದಿದ್ದೇವೆ.

ಹಾಲು ಕುಡಿಯುವಾಗ ಕೂಸು ಚೀಪಬೇಕು, ನುಂಗಬೇಕು, ನಡುವೆ ಉಸಿರನ್ನೂ ಎಳೆದುಕೊಳ್ಳಬೇಕು. ಹಾಲು ನಿಧಾನವಾಗಿ ಬಂದರೆ ಈ ಮೂರೂ ಒಂದಾದ ಮೇಲೊಂದು ಸರಾಗವಾಗಿ ನಡೆಯುತ್ತವೆ. ಬಾಯಿ ತುಂಬುವಷ್ಟು ವೇಗದಲ್ಲಿ ಸುರಿದರೆ ಉಸಿರಾಡಲು ಬಿಡುವು ಸಿಗದೆ ಕೂಸು ಗಟಗಟನೆ ನುಂಗುತ್ತದೆ. ಹಾಲಿನ ಜೊತೆ ಗಾಳಿಯೂ ಹೊಟ್ಟೆಗೆ ಹೋಗುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗುವಿಗೆ ಇಪ್ಪತ್ತು ದಿನ, ತೂಕ 3.2 ಕಿಲೋ. ತಾಯಿಗೆ ಹಾಲು ಸಾಲದೆ ಡಾಕ್ಟರು ಪುಡಿ ಹಾಲು ಬರೆದುಕೊಟ್ಟಿದ್ದಾರೆ. ಮೊದಲು ತಂದ ನಿಪ್ಪಲ್‌ನಲ್ಲಿ ಹಾಲು ಸರಿಯಾಗಿ ಬರುತ್ತಿಲ್ಲವೆಂದು ಯಾರೋ ಸೂಜಿ ಕಾಯಿಸಿ ತೂತು ದೊಡ್ಡದು ಮಾಡಿದ್ದಾರೆ. ಈಗ ಕೂಸು 90 ಮಿಲಿ ಹಾಲನ್ನು ಐದೇ ನಿಮಿಷದಲ್ಲಿ ಮುಗಿಸುತ್ತದೆ. ಆಮೇಲೆ ಅರ್ಧ ಗಂಟೆ ಅಳು, ಬಿಕ್ಕಳಿಕೆ, ಕೊನೆಗೆ ಒಂದಿಷ್ಟು ಹಾಲು ಕಕ್ಕುತ್ತದೆ. ಅಜ್ಜಿ ಹೆಗಲಿಗೆ ಹಾಕಿಕೊಂಡು ತಟ್ಟಿದ್ದೇ ತಟ್ಟಿದ್ದು.

ಇಲ್ಲಿ ಮೊದಲು ಲೆಕ್ಕ ನೋಡಬೇಕು. ಮೊದಲ ವಾರ ಕಳೆದ ಮೇಲೆ, ಪುಡಿ ಹಾಲನ್ನೇ ನೆಚ್ಚಿದ ಆರೋಗ್ಯವಂತ ಕೂಸಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 150 ಮಿಲಿ ಹಾಲು ಸಾಕು. 3.2 ಕಿಲೋಗೆ ದಿನಕ್ಕೆ 480 ಮಿಲಿ. ಎಂಟು ಸಲ ಕೊಟ್ಟರೆ ಸಲಕ್ಕೆ 60. ತಾಯಿ ಹಾಲೂ ಕುಡಿಯುತ್ತಿದ್ದರೆ ಬಾಟಲಿಯ ಪಾಲು ಇನ್ನೂ ಕಡಿಮೆ. ಅಂದರೆ ಈ ಕೂಸಿಗೆ ಹಾಲೂ ಹೆಚ್ಚಾಗಿದೆ, ವೇಗವೂ ಹೆಚ್ಚಾಗಿದೆ. ಒಂದೊಂದು ಮಗುವಿನ ಹಸಿವು ಒಂದೊಂದು ಥರ, ಆದ್ದರಿಂದ 60 ಎಂಬುದು ಅಂದಾಜು ಮಾತ್ರ. ಆದರೆ ಹೊಟ್ಟೆ ತುಂಬಿತೆಂದು ಕೂಸಿಗೆ ಗೊತ್ತಾಗುವ ಮೊದಲೇ ಬಾಟಲಿ ಖಾಲಿಯಾಗುವುದು ಮಾತ್ರ ಸರಿಯಲ್ಲ.

ಸೂಜಿ ತಾಗಿದ ನಿಪ್ಪಲ್ಲನ್ನು ಎಸೆದುಬಿಡಬೇಕು. ಹೊಸದನ್ನು ಕೊಳ್ಳುವಾಗ ಅತಿ ನಿಧಾನದ್ದನ್ನೇ, ಅಂದರೆ ನವಜಾತ ಶಿಶುವಿಗೆಂದೋ ‘ಸ್ಲೋ ಫ್ಲೋ’ ಎಂದೋ ಬರೆದದ್ದನ್ನು ಕೇಳಿ. ಹಾಗೆಂದು ಡಬ್ಬದ ಮೇಲಿನ ಬರಹವನ್ನೇ ಪೂರ್ತಿ ನಂಬುವಂತಿಲ್ಲ. ಒಂದು ಕಂಪನಿಯ ಒಂದನೇ ನಂಬರು ಇನ್ನೊಂದರ ಎರಡನೇ ನಂಬರಿನಷ್ಟು ಸುರಿಯಬಹುದು. ಎಲ್ಲರಿಗೂ ಒಂದೇ ಅಳತೆ ಇಲ್ಲ. ಬಾಟಲಿ ಬೋರಲು ಹಿಡಿದಾಗ ಹಾಲು ತೊಟ್ಟು ತೊಟ್ಟಾಗಿ ಬೀಳಬೇಕು, ಧಾರೆಯಾಗಿ ಇಳಿಯಬಾರದು. ಇದು ಮೊದಲ ಅಂದಾಜು. ತೀರ್ಪು ಕೊಡುವುದು ಕೂಸಿನ ಮುಖವೇ. ಬಾಯಿಯ ಅಂಚಿನಿಂದ ಹಾಲು ಸೋರುವುದು, ಕೆಮ್ಮು, ಕಣ್ಣು ಅಗಲವಾಗುವುದು, ಬೆರಳುಗಳು ಬಿರುಸಾಗಿ ಬಿಚ್ಚಿಕೊಳ್ಳುವುದು ಕಂಡರೆ ವೇಗ ಹೆಚ್ಚು. ಕೆನ್ನೆ ಒಳಗೆಳೆದುಕೊಂಡು ಚೀಪುವುದು, ನಿಪ್ಪಲ್ ಚಪ್ಪಟೆಯಾಗುವುದು, ಅರ್ಧ ಗಂಟೆಯಾದರೂ ಮುಗಿಯದೆ ಸುಸ್ತಾಗಿ ನಿದ್ದೆಹೋಗುವುದು ಕಂಡರೆ ವೇಗ ಕಡಿಮೆ. ಆಗಲೂ ಸೂಜಿ ಹಿಡಿಯಬೇಡಿ, ಒಂದು ನಂಬರು ಮೇಲಿನದನ್ನು ತನ್ನಿ. ಮಗುವಿಗೆ ಇಷ್ಟು ತಿಂಗಳಾಯಿತೆಂಬ ಕಾರಣಕ್ಕೇ ನಂಬರು ಏರಿಸಬೇಕಿಲ್ಲ.

ಹಾಲು ಕಲಸುವಾಗ ಬಾಟಲಿಯನ್ನು ಜೋರಾಗಿ ಅಲ್ಲಾಡಿಸಿದರೆ ನೊರೆ ಬರುತ್ತದೆ, ಅದೂ ಗಾಳಿಯೇ. ಪುಡಿ ಪೂರ್ತಿ ಕರಗಿದ ಮೇಲೆ ಒಂದೆರಡು ನಿಮಿಷ ಇಟ್ಟು ನೊರೆ ಇಳಿಯಲು ಬಿಡಿ.

ಈಗ ಕುಡಿಸುವ ರೀತಿ. ಮಗುವನ್ನು ಅಂಗಾತ ಮಲಗಿಸಿ ಬಾಟಲಿಯನ್ನು ಮೇಲಿನಿಂದ ನಿಲ್ಲಿಸಿದರೆ ಕೂಸು ಚೀಪದಿದ್ದರೂ ಹಾಲು ತಾನೇ ಇಳಿಯುತ್ತದೆ. ಬದಲಿಗೆ, ತಲೆ ಮತ್ತು ಕುತ್ತಿಗೆಗೆ ನಿಮ್ಮ ತೋಳಿನ ಆಸರೆ ಕೊಟ್ಟು, ಸ್ವಲ್ಪ ನೆಟ್ಟಗೆ ಕೂರಿಸಿಕೊಳ್ಳಿ. ನಿಪ್ಪಲ್ಲನ್ನು ತುಟಿಗೆ ತಾಗಿಸಿ, ಅದೇ ಬಾಯಿ ತೆರೆಯುವವರೆಗೆ ಕಾಯಿರಿ. ಬಾಟಲಿಯನ್ನು ನೆಲಕ್ಕೆ ಹೆಚ್ಚುಕಡಿಮೆ ಅಡ್ಡವಾಗಿ ಹಿಡಿಯಿರಿ. ನಿಪ್ಪಲ್‌ನ ತುದಿಯಲ್ಲಿ ಹಾಲಿದ್ದರೆ ಸಾಕು, ಪೂರ್ತಿ ತುಂಬಿರಬೇಕಿಲ್ಲ. ಸ್ವಲ್ಪ ಹೊತ್ತು ಚೀಪಿದ ಮೇಲೆ, ಅಥವಾ ನುಂಗುವುದು ಗಡಿಬಿಡಿಯಾಯಿತೆಂದು ಕಂಡ ಕೂಡಲೇ, ನಿಪ್ಪಲ್ಲನ್ನು ಬಾಯಲ್ಲೇ ಬಿಟ್ಟು ಬಾಟಲಿಯ ಬುಡವನ್ನು ಕೆಳಗಿಳಿಸಿ. ಹಾಲು ನಿಲ್ಲುತ್ತದೆ, ಕೂಸು ಉಸಿರೆಳೆದುಕೊಳ್ಳುತ್ತದೆ. ಮತ್ತೆ ಚೀಪತೊಡಗಿದಾಗ ಬುಡ ಎತ್ತಿ. ಹೀಗೆ ಕುಡಿಸಿದರೆ 60 ಮಿಲಿಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮುಖ ತಿರುಗಿಸಿದರೆ, ತುಟಿ ಬಿಗಿದರೆ, ಕೈ ಸಡಿಲಾದರೆ ಸಾಕಾಯಿತೆಂದು ಅರ್ಥ. ಉಳಿದ ಹತ್ತು ಮಿಲಿಗಾಗಿ ಒತ್ತಾಯ ಬೇಡ. ದಿಂಬಿಗೆ ಬಾಟಲಿ ಆನಿಸಿಟ್ಟು ಹೋಗುವುದಂತೂ ಬೇಡವೇ ಬೇಡ, ಹಾಲು ನೆತ್ತಿಗೇರಿ ಉಸಿರುಗಟ್ಟಬಹುದು.

ಇಷ್ಟಾದರೂ ಒಂದಿಷ್ಟು ಗಾಳಿ ಹೋಗಿಯೇ ಇರುತ್ತದೆ. ಅದು ಹೊರಗೆ ಬರುವುದು ತಟ್ಟಿದ ಬಿರುಸಿಗಲ್ಲ, ಹಿಡಿದ ಭಂಗಿಗೆ. ಅನ್ನನಾಳ ಹೊಟ್ಟೆಗೆ ಕೂಡುವ ಬಾಯಿ ಬೆನ್ನಿನ ಕಡೆಗಿದೆ. ಕೂಸು ಅಂಗಾತ ಮಲಗಿದಾಗ ಆ ಬಾಯಿ ಹಾಲಿನಲ್ಲಿ ಮುಳುಗಿರುತ್ತದೆ, ಹಗುರಾದ ಗಾಳಿ ಮುಂದಿನ ಭಾಗದಲ್ಲಿ ಉಳಿದುಬಿಡುತ್ತದೆ. ನೆಟ್ಟಗೆ ಎತ್ತಿದಾಗ ಅಥವಾ ಬೋರಲು ಹಾಕಿದಾಗ ಗಾಳಿ ಆ ಬಾಯಿಯ ಹತ್ತಿರಕ್ಕೆ ಬರುತ್ತದೆ. ಎಲ್ಲರೂ ಬಳಸುವ ಮೂರು ಭಂಗಿಗಳು ಮಾಡುವುದೂ ಇದನ್ನೇ.

ಮೊದಲನೆಯದು ಹೆಗಲು. ಕೂಸಿನ ಗದ್ದ ನಿಮ್ಮ ಹೆಗಲ ಮೇಲಿರಲಿ, ಮೂಗು ಬಟ್ಟೆಯಲ್ಲಿ ಹೂತುಹೋಗದಿರಲಿ, ಒಂದು ಕೈ ಕುಂಡೆಯ ಕೆಳಗಿರಲಿ. ಎರಡನೆಯದು ತೊಡೆಯ ಮೇಲೆ ಕೂರಿಸಿ, ಬೆರಳುಗಳಿಂದ ದವಡೆಗೆ ಆಸರೆ ಕೊಟ್ಟು, ಸ್ವಲ್ಪ ಮುಂದಕ್ಕೆ ಬಾಗಿಸುವುದು. ಹಿಡಿತ ದವಡೆಯ ಎಲುಬಿಗೆ ಇರಬೇಕು, ಗಂಟಲಿಗಲ್ಲ. ಮೂರನೆಯದು ತೊಡೆಗಳ ಮೇಲೆ ಅಡ್ಡ ಬೋರಲು ಹಾಕಿ, ತಲೆ ಎದೆಗಿಂತ ತುಸು ಎತ್ತರದಲ್ಲಿರುವಂತೆ ನೋಡಿಕೊಳ್ಳುವುದು. ಯಾವುದರಲ್ಲೇ ಆಗಲಿ, ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಸವರುವುದು ಅಥವಾ ಹಗುರಾಗಿ ತಟ್ಟುವುದು ಸಾಕು. ಎರಡು ಮೂರು ನಿಮಿಷದಲ್ಲಿ ತೇಗು ಬರದಿದ್ದರೆ ಭಂಗಿ ಬದಲಿಸಿ ನೋಡಿ. ಆಗಲೂ ಬರದೆ ಕೂಸು ನೆಮ್ಮದಿಯಾಗಿದ್ದರೆ ಬಿಟ್ಟುಬಿಡಿ. ಮಲಗಿಸುವಾಗ ಮಾತ್ರ ಯಾವಾಗಲೂ ಅಂಗಾತವೇ. ಬೋರಲು ಭಂಗಿ ಎಚ್ಚರವಿರುವ ನಿಮ್ಮ ತೊಡೆಯ ಮೇಲಷ್ಟೇ.

ತೇಗಿನಿಂದ ಏನೆಲ್ಲ ಆಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಚಂಡೀಗಢದ ಪಿಜಿಐ ಆಸ್ಪತ್ರೆಯ ಸಂಶೋಧಕರು 71 ತಾಯಿ-ಮಗು ಜೋಡಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ತಾಯಂದಿರಿಗೆ ತೇಗಿಸುವುದನ್ನು ಕಲಿಸಿ, ಮೂರು ತಿಂಗಳು ಗಮನಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತೇಗಿಸಿದ ಮಕ್ಕಳಿಗೆ ಹೊಟ್ಟೆನೋವಿನ ಅಳು ಗಣನೀಯವಾಗಿ ಕಡಿಮೆಯಾಗಲಿಲ್ಲ; ಹಾಲು ಕಕ್ಕುವುದು ಮಾತ್ರ ಹೆಚ್ಚಾಗಿತ್ತು. ಅದು ಬಾಟಲಿ ಕೂಸುಗಳಿಗೆಂದೇ ಮಾಡಿದ ಅಧ್ಯಯನವಲ್ಲ, ದೊಡ್ಡದೂ ಅಲ್ಲ. ಆದರೂ ತೇಗು ಬರಲೇಬೇಕೆಂದು ನಿದ್ದೆಹೋದ ಮಗುವನ್ನು ಎಬ್ಬಿಸಿ ತಟ್ಟುವುದು ಬೇಕಿಲ್ಲ ಎನ್ನಲು ಅಷ್ಟು ಸಾಕು. ಸಂಜೆಯ ಹೊತ್ತು ಗಂಟೆಗಟ್ಟಲೆ ಬರುವ ಅಳು ಆರನೇ ವಾರದ ಸುಮಾರಿಗೆ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಅದಕ್ಕೆಂದು ಗ್ರೈಪ್ ವಾಟರ್ ಕೊಡುವುದು, ಬಜೆ ತೇಯ್ದು ನೆಕ್ಕಿಸುವುದು ಬೇಡ; ಆರು ತಿಂಗಳವರೆಗೆ ಹಾಲು ಮತ್ತು ಡಾಕ್ಟರು ಬರೆದ ಔಷಧಿ ಇಷ್ಟೇ.

ನಮ್ಮ ಕತೆಯ ಕೂಸಿಗೆ ನಿಪ್ಪಲ್ ಬದಲಿಸಿ, 60 ಮಿಲಿಯನ್ನು ನಿಲ್ಲಿಸಿ ನಿಲ್ಲಿಸಿ ಕುಡಿಸಿ, ಅರ್ಧಕ್ಕೊಮ್ಮೆ ಕೊನೆಗೊಮ್ಮೆ ತೇಗಿಸಿದರೆ ಎರಡು ಮೂರು ದಿನದಲ್ಲಿ ವ್ಯತ್ಯಾಸ ಕಾಣಬೇಕು. ಕಾಣದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಹಸಿರು ವಾಂತಿ, ದೂರಕ್ಕೆ ಚಿಮ್ಮುವ ವಾಂತಿ, ಮಲದಲ್ಲಿ ರಕ್ತ, ಗಟ್ಟಿಯಾಗಿ ಉಬ್ಬಿದ ಹೊಟ್ಟೆ, 38 ಡಿಗ್ರಿ ಸೆಲ್ಸಿಯಸ್ ಅಥವಾ ಮೀರಿದ ಜ್ವರ, ಹಾಲು ಬೇಡವೆನ್ನುವುದು, ಮೂತ್ರ ತೀರಾ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಗಾಳಿಯೆಂದು ಕಾಯದೆ ಅವತ್ತೇ, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ.