ಕೊಡ ತುಂಬುವ ಹೊತ್ತಿಗೆಷ್ಟು ಅಂಕ?

ಕೇಂದ್ರ ಸರಕಾರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯುವವರು ಸರಕಾರಿ ಮತ್ತು ಅನುದಾನಿತ ಶಾಲೆಗಳ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳು ಮಾತ್ರ. ಪ್ರಬಂಧ, ಸಂದರ್ಶನಗಳ ಮೂಲಕ ನೀಡುವ ಎಷ್ಟೋ ವೇತನಗಳಿಗೆ ಈ ಬೇಲಿಯಿಲ್ಲ. ಅಲ್ಲಿ ತೂಕ ಪರೀಕ್ಷಕರ ಕೈಯಲ್ಲಿದೆ.

ನೀರಿನ ಕುರಿತು ಇಂಗ್ಲಿಷಿನಲ್ಲಿ ಬರೆದ ಎರಡು ಪ್ರಬಂಧಗಳನ್ನು ಕಲ್ಪಿಸಿಕೊಳ್ಳಬಹುದು. ನಗರದ ವಿದ್ಯಾರ್ಥಿಯದು ನಿರ್ದುಷ್ಟ ಭಾಷೆ, ಎಲ್ಲರೂ ಹೇಳುವ ಮಾತು. ಪೆರ್ಲದ ಕನ್ನಡ ಮಾಧ್ಯಮದ ಹುಡುಗಿಯ ಭಾಷೆ ತೊಡರುತ್ತದೆ. ಆದರೆ ಗುಡ್ಡದೊಳಕ್ಕೆ ಕೊರೆದ ಮನೆಯ ಸುರಂಗದಲ್ಲಿ ಬೇಸಗೆಗೆ ನೀರು ಕುಗ್ಗುವುದನ್ನು ಆಕೆ ಕೊಡ ತುಂಬುವ ಹೊತ್ತಿನಿಂದ ಅಳೆದಿದ್ದಾಳೆ. ಒಟ್ಟಾಗಿ ಅಂಕವಿತ್ತರೆ ಮೊದಲನೆಯದೇ ಗೆಲ್ಲುವ ಸಂಭವ ಹೆಚ್ಚು. ವಿಚಾರಕ್ಕೆ 7, ಭಾಷೆಗೆ 3 ಎಂದು ಮೊದಲೇ ವಿಂಗಡಿಸಿ, ಇಬ್ಬರು ಪರೀಕ್ಷಕರು ಚರ್ಚಿಸದೆ ಬೇರೆಬೇರೆಯಾಗಿ ಓದಿದರೆ, ನಗರದವನಿಗೆ 3 ಮತ್ತು 3, ಈಕೆಗೆ 6 ಮತ್ತು 1 ದೊರೆಯಬಹುದು.

ಬರೆದುದು ಆಕೆಯದೇ ಎಂಬುದನ್ನು ಸಂದರ್ಶನ ತಿಳಿಸಬೇಕು. ಇಬ್ಬರಿಗೂ ಒಂದೇ ಪ್ರಶ್ನೆ, ಅವರವರಿಗೆ ಒಗ್ಗಿದ ಭಾಷೆಯಲ್ಲಿ: 'ಇದು ನಿನಗೆ ಹೇಗೆ ತಿಳಿಯಿತು?' ಕನ್ನಡದಲ್ಲಿಯೂ ಆಕೆ ವಿವರಿಸಲಾರದಿದ್ದರೆ ವಿಚಾರದ ಅಂಕ ಇಳಿಯಲೇಬೇಕು. ಸಣ್ಣ ಶಾಲೆಯೆಂಬ ಕನಿಕರಕ್ಕೆ ಅಂಕವಿಲ್ಲ. ಆದರೆ ಕೇಳುವವರಲ್ಲಿ ಒಬ್ಬರಿಗಾದರೂ ಕನ್ನಡ ಬರಬೇಕು. ದುಭಾಷಿಯ ಬಾಯಲ್ಲಿ ಹತ್ತು ವಾಕ್ಯದ ಉತ್ತರ ಎರಡಕ್ಕಿಳಿಯುತ್ತದೆ, ಮೊದಲು ಬಿಟ್ಟುಹೋಗುವುದು ಆ ಕೊಡವೇ.